ಪದದ ಗುರುತು ಅದರ ನೆರೆಹೊರೆಯಲ್ಲಿ

ಎರಡು ಸುದ್ದಿ ಶೀರ್ಷಿಕೆಗಳನ್ನು ನೋಡಿ. ಒಂದು: ‘ವೈದ್ಯರಿಲ್ಲದೆ ರೋಗಿಗಳ ಪರದಾಟ’. ಇನ್ನೊಂದು: ‘ಡಾಕ್ಟರ್ ಕೊರತೆ: ಆಸ್ಪತ್ರೆಗೆ ಬಂದವರು ವಾಪಸ್’. ಓದಿದ ಯಾರಿಗಾದರೂ ಎರಡೂ ಒಂದೇ ಸಂಗತಿಯನ್ನು ಹೇಳುತ್ತಿವೆ ಎಂದು ತಕ್ಷಣ ಗೊತ್ತಾಗುತ್ತದೆ. ಆದರೆ ಎರಡಕ್ಕೂ ಸಮಾನವಾದ ಪದ ಒಂದೂ ಇಲ್ಲ. ಪದಗಳನ್ನು ಎಣಿಸಿ ಹೋಲಿಸುವ ಕಂಪ್ಯೂಟರಿಗೆ ಇವೆರಡರ ಹೋಲಿಕೆ ಸೊನ್ನೆ.

ಪದ ಎಣಿಕೆ ಹಳೆಯ ವಿದ್ಯೆ, ಉಪಯುಕ್ತವೂ ಹೌದು. ಒಂದು ಬರಹದಲ್ಲಿ ‘ಮಳೆ’ ಇಪ್ಪತ್ತು ಸಲ, ‘ಬೆಳೆ’ ಹದಿನೈದು ಸಲ ಬಂದಿದ್ದರೆ ಅದು ಕೃಷಿಯ ಬರಹವೆಂದು ಊಹಿಸಬಹುದು. ಆದರೆ ಈ ಲೆಕ್ಕದಲ್ಲಿ ಪ್ರತಿಯೊಂದು ಪದವೂ ಬರೀ ಒಂದು ಕ್ರಮಸಂಖ್ಯೆ. ‘ವೈದ್ಯ’ ಪಟ್ಟಿಯಲ್ಲಿ 4127ನೆಯದು, ‘ಡಾಕ್ಟರ್’ 9083ನೆಯದು, ‘ಬದನೆಕಾಯಿ’ 9084ನೆಯದು ಎಂದುಕೊಳ್ಳಿ. ಡಾಕ್ಟರಿಗೆ ವೈದ್ಯನಿಗಿಂತ ಬದನೆಕಾಯಿ ಹತ್ತಿರ ಎಂದು ಈ ಸಂಖ್ಯೆಗಳು ಹೇಳುವಂತಿದೆ! ಕ್ರಮಸಂಖ್ಯೆಗೆ ಅರ್ಥವಿಲ್ಲ. ಹಾಗಾದರೆ ಹತ್ತಿರವಾದ ಪದಗಳಿಗೆ ಹತ್ತಿರದ ಸಂಖ್ಯೆಗಳೇ ಬರುವಂತೆ ಮಾಡುವುದು ಹೇಗೆ? ಅದೂ ನಿಘಂಟು ಕೊಡದೆ, ಯಾರೂ ಕೂತು ಅರ್ಥ ಹೇಳಿಕೊಡದೆ?

ಇದಕ್ಕೆ ಸಿಕ್ಕ ಉತ್ತರವೂ ಎಣಿಕೆಯೇ. ಎಣಿಸುವ ವಸ್ತು ಮಾತ್ರ ಬೇರೆ. ಪದ ಎಷ್ಟು ಸಲ ಬಂತು ಎನ್ನುವುದನ್ನು ಬಿಟ್ಟು, ಅದು ಯಾರ ಜೊತೆ ಎಷ್ಟು ಸಲ ಬಂತು ಎಂದು ಎಣಿಸಬೇಕು.

ಪದದ ಅರ್ಥವನ್ನು ಅದರ ಸಹವಾಸದಲ್ಲಿ ಹುಡುಕಬೇಕು ಎಂಬ ವಿಚಾರ ಭಾಷಾವಿಜ್ಞಾನಿಗಳದು. ಅಮೆರಿಕದ ಜೆಲ್ಲಿಗ್ ಹ್ಯಾರಿಸ್ 1954ರಲ್ಲಿ ಇದನ್ನು ವಿಸ್ತಾರವಾಗಿ ಬರೆದರು. ಬ್ರಿಟನ್ನಿನ ಜೆ.ಆರ್. ಫರ್ತ್ 1957ರಲ್ಲಿ ಇದೇ ಮಾತನ್ನು ಇನ್ನೊಂದು ದಾರಿಯಿಂದ ಹೇಳಿದರು. ಲಂಡನ್ನಿನಲ್ಲಿ ಹೆಸರು ಮಾಡುವ ಮೊದಲು ಫರ್ತ್ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ನಾವೂ ಹೊಸ ಪದಗಳನ್ನು ಬಹುಪಾಲು ಹೀಗೆಯೇ ಕಲಿತಿದ್ದೇವೆ. ‘ಅಜ್ಜಿ ಒಲೆಯ ಮೇಲೆ ಗುಂಡುಗ ಇಟ್ಟು ನೀರು ಕಾಯಿಸಿದಳು’ ಎಂದು ಓದಿದರೆ, ಆ ಪದವನ್ನು ಎಂದೂ ಕೇಳದವರೂ ಅದೊಂದು ಪಾತ್ರೆಯೇ ಇರಬೇಕು ಎನ್ನುತ್ತಾರೆ. ಹಾಗೆ ಹೇಳಿಕೊಟ್ಟದ್ದು ಒಲೆ, ನೀರು, ಕಾಯಿಸು ಎಂಬ ಪಕ್ಕದ ಪದಗಳು.

ಈಗ ಕೈಯಾರೆ ಎಣಿಸೋಣ. ನಮ್ಮ ಬಳಿ ಇರುವ ಇಡೀ ‘ಗ್ರಂಥಾಲಯ’ ಈ ಎಂಟು ವಾಕ್ಯಗಳು ಎಂದಿಟ್ಟುಕೊಳ್ಳಿ:

1. ಅಜ್ಜಿ ಬಿಸಿ ಕಾಫಿ ಕುಡಿದಳು.
2. ಅಪ್ಪ ಬಿಸಿ ಚಹಾ ಕುಡಿದ.
3. ಕಾಫಿಗೆ ಸಕ್ಕರೆ ಹಾಕು.
4. ಚಹಾಕ್ಕೆ ಸಕ್ಕರೆ ಹಾಕು.
5. ಅಜ್ಜಿ ಕಾಫಿ ಕುಡಿಯಲಿಲ್ಲ.
6. ಅಜ್ಜಿ ಬಸ್ಸು ಹತ್ತಿದಳು.
7. ಅಪ್ಪ ರೈಲು ಹತ್ತಿದ.
8. ಬಸ್ಸಿನ ಟಿಕೆಟ್ ಸಿಕ್ಕಿತು.

ಕಾಫಿ ಮತ್ತು ಚಹಾ ಯಾವ ವಾಕ್ಯದಲ್ಲೂ ಒಟ್ಟಿಗೆ ಬಂದಿಲ್ಲ ಎಂಬುದನ್ನು ಗಮನಿಸಿ. ಸದ್ಯಕ್ಕೆ ಪ್ರತ್ಯಯಗಳನ್ನು ಬದಿಗಿಡೋಣ. ‘ಕುಡಿದಳು’, ‘ಕುಡಿದ’, ‘ಕುಡಿಯಲಿಲ್ಲ’ ಮೂರೂ ‘ಕುಡಿ’ಯೇ, ‘ಬಸ್ಸಿನ’ ಎಂದರೂ ‘ಬಸ್ಸು’ವೇ. (ಈ ರಿಯಾಯಿತಿ ಕನ್ನಡದಲ್ಲಿ ಎಷ್ಟು ದೊಡ್ಡದು ಎಂಬುದು ಕೊನೆಯಲ್ಲಿ ಗೊತ್ತಾಗುತ್ತದೆ.) ಒಂದು ಕಾಗದದ ಮೇಲೆ ಆರು ಕಾಲಂ ಎಳೆದು ಅಜ್ಜಿ, ಬಿಸಿ, ಕುಡಿ, ಸಕ್ಕರೆ, ಹತ್ತು, ಟಿಕೆಟ್ ಎಂದು ತಲೆಬರಹ ಕೊಡಿ. ಕಾಫಿ ಇರುವ ವಾಕ್ಯಗಳಲ್ಲಿ ಇವು ಎಷ್ಟೆಷ್ಟು ಸಲ ಬಂದಿವೆ ಎಂದು ಎಣಿಸಿ. ಚಹಾ, ಬಸ್ಸುಗಳಿಗೂ ಹಾಗೆಯೇ ಮಾಡಿ. ಸಿಗುವ ಸಾಲುಗಳು ಇವು:

ಕಾಫಿ: 2, 1, 2, 1, 0, 0
ಚಹಾ: 0, 1, 1, 1, 0, 0
ಬಸ್ಸು: 1, 0, 0, 0, 1, 1

ಇಂಥ ಅಂಕಿಗಳ ಒಂದು ಸಾಲಿಗೇ ವೆಕ್ಟರ್ ಎನ್ನುವುದು. ಪಿಯುಸಿ ಭೌತಶಾಸ್ತ್ರದಲ್ಲಿ ‘ಸದಿಶ’ ಎಂದು ಓದಿದ್ದು ಇದನ್ನೇ. ಬೆರಳು ಮಡಚಿ ಎಣಿಸಿದ್ದು ಬಿಟ್ಟರೆ ನಾವು ಬೇರೇನೂ ಮಾಡಿಲ್ಲ. ಆದರೂ ಕಾಫಿ ಮತ್ತು ಚಹಾದ ಸಾಲುಗಳು ಒಂದರಂತೆ ಒಂದಿವೆ, ಬಸ್ಸಿನದು ಬೇರೆಯಾಗಿದೆ ಎಂದು ಕಣ್ಣಿಗೇ ಕಾಣುತ್ತದೆ. ಕಾಫಿಗೂ ಚಹಾಕ್ಕೂ ನೇರ ಭೇಟಿಯೇ ಆಗಿಲ್ಲ. ಇಬ್ಬರಿಗೂ ಇರುವ ಗೆಳೆಯರು ಒಬ್ಬರೇ, ಅಷ್ಟೆ. ಇಡೀ ವಿಷಯದ ತಿರುಳು ಇರುವುದು ಇಲ್ಲಿ.

‘ಹತ್ತಿರ’ ಎಂಬ ಮಾತನ್ನು ಈಗ ಲೆಕ್ಕಕ್ಕೆ ತರಬೇಕು. ಆರು ಕಾಲಂ ಒಟ್ಟಿಗೆ ಚಿತ್ರವಾಗಿ ಬರೆಯಲಾಗದು, ಎರಡೇ ತೆಗೆದುಕೊಳ್ಳಿ. ಗ್ರಾಫ್ ಹಾಳೆಯಲ್ಲಿ ಅಡ್ಡಗೆರೆ ‘ಕುಡಿ’, ಲಂಬಗೆರೆ ‘ಹತ್ತು’ ಎನ್ನಿ. ಕಾಫಿ ಅಡ್ಡಗೆರೆಯಲ್ಲಿ 2ರ ಮೇಲೆ, ಚಹಾ ಅದೇ ಗೆರೆಯಲ್ಲಿ 1ರ ಮೇಲೆ, ಬಸ್ಸು ಲಂಬಗೆರೆಯಲ್ಲಿ 1ರ ಮೇಲೆ ಬೀಳುತ್ತವೆ. ಮೂಲಬಿಂದುವಿನಿಂದ ಪ್ರತಿ ಚುಕ್ಕೆಗೂ ಒಂದು ಬಾಣ ಎಳೆಯಿರಿ. ಕಾಫಿಯ ಬಾಣ ಉದ್ದ, ಚಹಾದ್ದು ಗಿಡ್ಡ. ದಿಕ್ಕು ಮಾತ್ರ ಒಂದೇ. ಬಸ್ಸಿನ ಬಾಣ ನೇರ ಮೇಲಕ್ಕೆ. ನಮ್ಮ ವಾಕ್ಯಗಳಲ್ಲಿ ಕಾಫಿ ಚಹಾಕ್ಕಿಂತ ಹೆಚ್ಚು ಸಲ ಬಂದಿದೆ ಎಂಬುದಷ್ಟೇ ಆ ಉದ್ದಕ್ಕೆ ಕಾರಣ. ಪದ ಯಾವ ಬಗೆಯದು ಎಂಬುದನ್ನು ಹೇಳುವುದು ದಿಕ್ಕು. ಹಾಗಾಗಿ ಎರಡು ಚುಕ್ಕೆಗಳ ನಡುವಿನ ದೂರಕ್ಕಿಂತ ಎರಡು ಬಾಣಗಳ ನಡುವಿನ ಕೋನ ಒಳ್ಳೆಯ ಅಳತೆ. ಹೈಸ್ಕೂಲಿನ ತ್ರಿಕೋನಮಿತಿಯ ‘ಕೊಸೈನ್’ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೇ ದಿಕ್ಕಾದರೆ ಅದು 1, ಲಂಬಕೋನವಾದರೆ 0.

ಆರು ಕಾಲಂಗೂ ಲೆಕ್ಕದ ರೀತಿ ಇದೇ. ಕಾಫಿ, ಚಹಾ ಸಾಲುಗಳ ಎದುರುಬದುರಿನ ಅಂಕಿಗಳನ್ನು ಗುಣಿಸಿ ಕೂಡಿಸಿ: 2×0 + 1×1 + 2×1 + 1×1 + 0 + 0 = 4. ಇದನ್ನು ಎರಡೂ ಬಾಣಗಳ ಉದ್ದದಿಂದ ಭಾಗಿಸಬೇಕು. ಉದ್ದ ತಿಳಿಯಲು ಪೈಥಾಗೊರಸನ ಸೂತ್ರವೇ ಸಾಕು. ಕಾಫಿಯ ಉದ್ದ 4+1+4+1, ಅಂದರೆ 10ರ ವರ್ಗಮೂಲ. ಚಹಾದ ಉದ್ದ 3ರ ವರ್ಗಮೂಲ. ಎರಡನ್ನೂ ಗುಣಿಸಿದರೆ ಸುಮಾರು 5.48. ನಾಲ್ಕನ್ನು ಅದರಿಂದ ಭಾಗಿಸಿದರೆ 0.73. ಚಹಾ ಮತ್ತು ಬಸ್ಸಿಗೆ ಇದೇ ಲೆಕ್ಕ ಮಾಡಿದರೆ 0 ಬರುತ್ತದೆ. ಬೇಕಿದ್ದದ್ದೂ ಅದೇ.

ಆದರೆ ಕಾಫಿ ಮತ್ತು ಬಸ್ಸಿಗೆ ಲೆಕ್ಕ ಹಾಕಿದರೆ 0.37 ಬರುತ್ತದೆ. ಕುಡಿಯುವ ಕಾಫಿಗೂ ಓಡುವ ಬಸ್ಸಿಗೂ ಇಷ್ಟು ನಂಟು ಎಲ್ಲಿಂದ ಬಂತು? ಸಾಲುಗಳನ್ನು ಮತ್ತೆ ನೋಡಿದರೆ ಕಾರಣ ಸಿಗುತ್ತದೆ: ಅಜ್ಜಿ. ಕಾಫಿ ಕುಡಿದವಳೂ ಬಸ್ಸು ಹತ್ತಿದವಳೂ ಅವಳೇ. ಎಂಟರಲ್ಲಿ ಮೂರು ವಾಕ್ಯಗಳಲ್ಲಿ ಅಜ್ಜಿ ಇದ್ದಾಳೆ. ಎಲ್ಲ ಕಡೆ ಕಾಣಿಸಿಕೊಳ್ಳುವವರ ಜೊತೆ ಕಾಣಿಸಿಕೊಂಡರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅಜ್ಜಿಯ ಕಾಲಂ ತೆಗೆದು ಲೆಕ್ಕ ಹಾಕಿ: ಕಾಫಿ–ಚಹಾ 0.94ಕ್ಕೆ ಏರುತ್ತದೆ, ಕಾಫಿ–ಬಸ್ಸು ಸೊನ್ನೆಗೆ ಇಳಿಯುತ್ತದೆ.

ನಿಜವಾದ ಬರಹಗಳಲ್ಲಿ ಅಜ್ಜಿಯ ಜಾಗದಲ್ಲಿ ‘ಒಂದು’, ‘ಈ’, ‘ಮತ್ತು’, ‘ಎಂದು’ ಇರುತ್ತವೆ. ಇವು ಎಲ್ಲ ಪದಗಳ ಪಕ್ಕದಲ್ಲೂ ನಿಂತು, ಎಲ್ಲ ಪದಗಳನ್ನೂ ಒಂದಕ್ಕೊಂದು ಹತ್ತಿರವಾಗಿಸಿಬಿಡುತ್ತವೆ. ಎಣಿಕೆ ಮಾಡಿ ತೆಗೆದ ಪಟ್ಟಿಯಲ್ಲಿ ಯಾವ ಪದ ಕೇಳಿದರೂ 0.9ರ ಮೇಲೆಯೇ ಹೋಲಿಕೆ ಬರುತ್ತಿದ್ದರೆ ತಪ್ಪು ಇಲ್ಲೇ ಆಗಿದೆ ಎಂದು ತಿಳಿಯಬಹುದು. ಕಾಲಂ ಕಿತ್ತುಹಾಕುವುದು ಒರಟು ಪರಿಹಾರ. ಅದಕ್ಕಿಂತ ಉತ್ತಮವಾದದ್ದು ‘ಆಕಸ್ಮಿಕವಾಗಿ ಎಷ್ಟು ಸಲ ಜೊತೆಯಾಗುತ್ತಿದ್ದವು, ನಿಜವಾಗಿ ಎಷ್ಟು ಸಲ ಆದವು’ ಎಂದು ಕೇಳುವುದು. ಹತ್ತು ಸಾವಿರ ವಾಕ್ಯಗಳಿವೆ ಎನ್ನಿ. ಕಾಫಿ 50ರಲ್ಲಿ ಇದೆ, ‘ಒಂದು’ 2,000ದಲ್ಲಿ ಇದೆ. ಅಂದರೆ ಐದರಲ್ಲೊಂದು ವಾಕ್ಯದಲ್ಲಿ ‘ಒಂದು’ ಇರುತ್ತದೆ. ಕಾಫಿಗೆ ಅದರ ಮೇಲೆ ವಿಶೇಷ ಒಲವಿಲ್ಲದಿದ್ದರೂ 10 ಸಲ ಅವು ಜೊತೆಯಾಗಲೇಬೇಕು. ಎಣಿಸಿದಾಗ ಹತ್ತೇ ಸಿಕ್ಕರೆ ಅದು ಸುದ್ದಿಯಲ್ಲ. ‘ಕುಡಿ’ ಇರುವುದು 100 ವಾಕ್ಯಗಳಲ್ಲಿ ಮಾತ್ರ. ಆಕಸ್ಮಿಕವಾದರೆ ಕಾಫಿಯ ಜೊತೆ ಅರ್ಧ ಸಲ ಬರಬೇಕು. ಎಣಿಸಿದರೆ 20 ಸಲ ಬಂದಿದೆ, ಅಂದರೆ ನಿರೀಕ್ಷೆಯ 40 ಪಟ್ಟು. ಕಾಲಂನಲ್ಲಿ ಬರೀ ಎಣಿಕೆಯ ಬದಲು ಈ ‘ಎಷ್ಟು ಪಟ್ಟು’ ಎಂಬುದರ ಲಾಗರಿದಮ್ ಬರೆದರೆ ‘ಒಂದು’ ಪದಕ್ಕೆ ಸೊನ್ನೆ ಬೀಳುತ್ತದೆ, ‘ಕುಡಿ’ಗೆ ದೊಡ್ಡ ಅಂಕಿ ಸಿಗುತ್ತದೆ. ಕ್ಷೇತ್ರದವರು ಇದನ್ನು ಪಿಎಂಐ ಎಂದು ಕರೆಯುತ್ತಾರೆ.

ಪಿಎಂಐಗೆ ಒಂದು ಚಾಳಿ ಇದೆ. ಅಪರೂಪದ ಪದಗಳನ್ನು ಅದು ವಿಪರೀತ ಎತ್ತಿ ಹಿಡಿಯುತ್ತದೆ. ಇಡೀ ಸಂಗ್ರಹದಲ್ಲಿ ಒಂದೇ ಸಲ ಬಂದ ಊರ ಹೆಸರು ಅಕಸ್ಮಾತ್ ಕಾಫಿಯ ಪಕ್ಕದಲ್ಲಿ ಬಂದಿದ್ದರೆ, ಅದು ನಿರೀಕ್ಷೆಯ ನೂರಾರು ಪಟ್ಟು ಎಂದು ಲೆಕ್ಕ ಹೇಳುತ್ತದೆ. ಒಂದು ಸಲ ಕಂಡದ್ದನ್ನು ನಂಬುವಂತಿಲ್ಲ. ಆದ್ದರಿಂದಲೇ ಈ ಕೆಲಸದಲ್ಲಿ ಐದು ಸಲಕ್ಕಿಂತ ಕಡಿಮೆ ಬಂದ ಪದಗಳನ್ನು ಬಿಟ್ಟುಬಿಡುವ ರೂಢಿ ಬಂದಿದೆ.

ಎಂಟು ವಾಕ್ಯಗಳಿಂದ ದೊಡ್ಡ ಸಂಗ್ರಹಕ್ಕೆ ಹೋದರೆ ಇನ್ನೊಂದು ತೊಡಕು ಎದುರಾಗುತ್ತದೆ. ಭಾಷೆಯಲ್ಲಿ ಒಂದು ಲಕ್ಷ ಪದಗಳಿದ್ದರೆ ಪ್ರತಿ ಪದದ ಸಾಲಿನಲ್ಲೂ ಒಂದು ಲಕ್ಷ ಅಂಕಿ ಬೇಕು. ಒಟ್ಟು ಸಾವಿರ ಕೋಟಿ ಚೌಕಗಳು, ಬಹುಪಾಲು ಸೊನ್ನೆಗಳು. ಜಾಗ ಹಾಳಾಗುವುದು ಒಂದು ನಷ್ಟ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ‘ಬಿಸಿ’ ಒಂದು ಕಾಲಂ, ‘ಬೆಚ್ಚಗಿನ’ ಬೇರೆ ಕಾಲಂ. ಕಾಫಿ ಯಾವಾಗಲೂ ‘ಬಿಸಿ’ಯ ಜೊತೆ, ಹಾಲು ಯಾವಾಗಲೂ ‘ಬೆಚ್ಚಗಿನ’ದ ಜೊತೆ ಬಂದರೆ ಅವುಗಳ ಹೋಲಿಕೆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಸಾಲುಗಳಲ್ಲಿ ನಾವು ಬಗೆಹರಿಸಿದ ಸಮಸ್ಯೆಯೇ ಕಾಲಂಗಳಲ್ಲಿ ಮತ್ತೆ ತಲೆ ಎತ್ತಿದಂತಾಯಿತು.

ಹಾಗಾಗಿ ಕೋಷ್ಟಕವನ್ನು ಹಿಂಡಬೇಕು. ಒಂದೇ ರೀತಿ ನಡೆದುಕೊಳ್ಳುವ ಕಾಲಂಗಳನ್ನು ಬೆಸೆದು, ಲಕ್ಷ ಕಾಲಂಗಳ ಜಾಗದಲ್ಲಿ ಕೆಲವು ನೂರನ್ನು ಮಾತ್ರ ಇಟ್ಟುಕೊಳ್ಳಬೇಕು. ಆಗ ಬಿಸಿ–ಬೆಚ್ಚಗಿನ ಒಂದೇ ಕಡೆ ಸೇರುತ್ತವೆ, ಕಾಫಿ–ಹಾಲು ಹತ್ತಿರ ಬರುತ್ತವೆ. 1990ರಲ್ಲಿ ಅಮೆರಿಕದ ಸಂಶೋಧಕರು ಮ್ಯಾಟ್ರಿಕ್ಸ್ ಗಣಿತದಿಂದ ಇದನ್ನು ಮಾಡಿ ತೋರಿಸಿದರು. ಹಿಂಡಿದ ಮೇಲೆ ಪ್ರತಿ ಪದಕ್ಕೂ ಉಳಿಯುವ ಈ ಚಿಕ್ಕ, ಸೊನ್ನೆಗಳಿಲ್ಲದ ಸಾಲಿಗೆ ಇಂದು ‘ವರ್ಡ್ ಎಂಬೆಡಿಂಗ್’ ಎಂಬ ಹೆಸರು. ಹಿಂಡುವಾಗ ಕೈತಪ್ಪುವ ಒಂದು ಸಂಗತಿಯನ್ನೂ ಹೇಳಬೇಕು. ನಮ್ಮ ಆರು ಕಾಲಂಗಳಿಗೆ ‘ಬಿಸಿ’, ‘ಸಕ್ಕರೆ’ ಎಂದು ಹೆಸರಿತ್ತು. ಹಿಂಡಿದ ಮುನ್ನೂರಕ್ಕೆ ಹೆಸರಿಲ್ಲ. ಹದಿನೇಳನೆಯ ಅಂಕಿ ಏನನ್ನು ಹೇಳುತ್ತದೆ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಅರ್ಥ ಇರುವುದು ಬಾಣಗಳು ಒಂದಕ್ಕೊಂದು ಹೇಗೆ ವಾಲಿವೆ ಎಂಬುದರಲ್ಲಿ ಮಾತ್ರ.

2013ರಲ್ಲಿ ಗೂಗಲ್‌ನಲ್ಲಿದ್ದ ತೋಮಾಶ್ ಮಿಕೊಲೊವ್ ಮತ್ತು ಸಂಗಡಿಗರು ‘ವರ್ಡ್‌ಟುವೆಕ್’ ಎಂಬ ವಿಧಾನವನ್ನು ಪ್ರಕಟಿಸಿದಾಗ ಈ ವಿಚಾರ ಎಲ್ಲೆಡೆ ಹರಡಿತು. ಅವರು ಮೊದಲು ಎಣಿಸಿ ಆಮೇಲೆ ಹಿಂಡುವ ದಾರಿ ಹಿಡಿಯಲಿಲ್ಲ. ಮೊದಲೇ ಪ್ರತಿ ಪದಕ್ಕೂ ಮುನ್ನೂರು ಅಂಕಿಗಳನ್ನು ಮನಸೋ ಇಚ್ಛೆ ಕೊಟ್ಟುಬಿಡುತ್ತಾರೆ. ಆಮೇಲೆ ಕಂಪ್ಯೂಟರ್ ಬರಹವನ್ನು ಓದುತ್ತ ಹೋಗುತ್ತದೆ. ‘ಕಾಫಿ’ಯ ಪಕ್ಕದಲ್ಲಿ ‘ಕುಡಿ’ ಕಂಡಿತೆ? ಕಾಫಿಯ ಬಾಣವನ್ನು ‘ಕುಡಿ’ಯ ಕಡೆಗೆ ಕೂದಲೆಳೆಯಷ್ಟು ತಿರುಗಿಸುತ್ತದೆ. ಅದರ ಜೊತೆಗೇ ಪಟ್ಟಿಯಿಂದ ಕೆಲವು ಪದಗಳನ್ನು, ‘ನ್ಯಾಯಾಲಯ’, ‘ಗುಡುಗು’, ಏನಾದರೂ ಆಗಬಹುದು, ಚೀಟಿ ಎತ್ತಿದಂತೆ ಆರಿಸಿ, ಕಾಫಿಯ ಬಾಣವನ್ನು ಅವುಗಳಿಂದ ಕೂದಲೆಳೆಯಷ್ಟು ಆಚೆಗೆ ತಿರುಗಿಸುತ್ತದೆ. ಮುಂದಿನ ಪದ, ಮತ್ತೆ ಇದೇ ಕೆಲಸ. ಹೀಗೆ ಕೋಟ್ಯಂತರ ಸಲ. ಆಚೆಗೆ ತಳ್ಳುವ ಕೆಲಸ ಇಲ್ಲದಿದ್ದರೆ ಎಲ್ಲ ಬಾಣಗಳೂ ಒಂದೇ ಕಡೆ ಬಂದು ಗುಡ್ಡೆ ಬೀಳುತ್ತವೆ. ಆದ್ದರಿಂದ ಎಳೆಯುವುದು ಎಷ್ಟು ಮುಖ್ಯವೋ ತಳ್ಳುವುದೂ ಅಷ್ಟೇ ಮುಖ್ಯ.

ಇಲ್ಲಿಯೂ ಕಾಫಿಯನ್ನು ಚಹಾದ ಕಡೆಗೆ ಯಾರೂ ನೇರವಾಗಿ ಎಳೆಯುವುದಿಲ್ಲ. ಕಾಫಿಯನ್ನು ಕುಡಿ, ಬಿಸಿ, ಸಕ್ಕರೆಗಳು ಎಳೆಯುತ್ತವೆ. ಚಹಾವನ್ನೂ ಅವೇ ಎಳೆಯುತ್ತವೆ. ಎರಡೂ ಒಂದೇ ಕಡೆಗೆ ಸೆಳೆತಕ್ಕೆ ಸಿಕ್ಕಿ ಕೊನೆಗೆ ಅಕ್ಕಪಕ್ಕ ನಿಲ್ಲುತ್ತವೆ. ನಮ್ಮ ಆರು ಕಾಲಂನ ಕಾಗದದಲ್ಲಿ ಆದದ್ದೂ ಇದೇ ಅಲ್ಲವೇ? ಈ ಅನುಮಾನ ಸರಿಯೆಂದು ಇಸ್ರೇಲಿನ ಬಾರ್-ಇಲಾನ್ ವಿಶ್ವವಿದ್ಯಾಲಯದ ಓಮರ್ ಲೆವಿ ಮತ್ತು ಯೊಆವ್ ಗೋಲ್ಡ್‌ಬರ್ಗ್ 2014ರಲ್ಲಿ ಗಣಿತದಿಂದಲೇ ತೋರಿಸಿದರು: ಎಳೆದು ತಳ್ಳುವ ಈ ವಿಧಾನ ಗುಟ್ಟಾಗಿ ಹಿಂಡುತ್ತಿರುವುದು ಮೇಲೆ ಹೇಳಿದ ಪಿಎಂಐ ಕೋಷ್ಟಕವನ್ನೇ, ಒಂದು ಸ್ಥಿರಾಂಕ ಕಳೆದು. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಹೊಸದೆಂದು ಕಂಡದ್ದರ ತಳದಲ್ಲಿ ಪದ ಎಣಿಕೆಯೇ ಇತ್ತು. ಎಣಿಸಲು ಬಲ್ಲವರಿಗೆ ಇದರಲ್ಲಿ ದಾಟಲಾಗದ ಕಂದಕ ಯಾವುದೂ ಇಲ್ಲ.

ಗೂಗಲ್ ಆಗ ಹಂಚಿದ ಇಂಗ್ಲಿಷ್ ವೆಕ್ಟರ್‌ಗಳು ಸುಮಾರು ಹತ್ತು ಸಾವಿರ ಕೋಟಿ ಪದಗಳಷ್ಟು ಸುದ್ದಿ ಬರಹದಿಂದ ತಯಾರಾದವು. ಮೂವತ್ತು ಲಕ್ಷ ಪದ–ಪದಪುಂಜಗಳು, ಪ್ರತಿಯೊಂದಕ್ಕೂ 300 ಅಂಕಿಗಳು. ‘ರಾಜ’ನಿಂದ ‘ಗಂಡಸು’ ಕಳೆದು ‘ಹೆಂಗಸು’ ಕೂಡಿಸಿದರೆ ‘ರಾಣಿ’ ಬರುತ್ತಾಳೆ ಎಂಬ ಉದಾಹರಣೆ ಪ್ರಸಿದ್ಧವಾದದ್ದೂ ಈ ಕೆಲಸದ ಜೊತೆಗೇ. ಅದು ಸುಳ್ಳಲ್ಲ, ಆದರೆ ಪೂರ್ತಿ ಹೇಳಿದ್ದಲ್ಲ. ಉತ್ತರ ಹುಡುಕುವಾಗ ಪ್ರಶ್ನೆಯಲ್ಲಿರುವ ಮೂರು ಪದಗಳನ್ನು ಪಟ್ಟಿಯಿಂದ ಹೊರಗಿಟ್ಟಿರುತ್ತಾರೆ. ಹಾಗೆ ಇಡದಿದ್ದರೆ ಲೆಕ್ಕದ ಕೊನೆಯಲ್ಲಿ ತೀರಾ ಹತ್ತಿರ ಸಿಗುವುದು ಎಷ್ಟೋ ಸಲ ‘ರಾಜ’ನೇ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ‘ಹತ್ತಿರ’ ಎಂದು ಈ ಯಂತ್ರ ಹೇಳಿದಾಗ ನಾವು ಏನೆಂದು ತಿಳಿಯಬೇಕು?

ನಮ್ಮ ಐದನೆಯ ವಾಕ್ಯಕ್ಕೆ ಹಿಂತಿರುಗಿ: ‘ಅಜ್ಜಿ ಕಾಫಿ ಕುಡಿಯಲಿಲ್ಲ.’ ಅದನ್ನು ನಾವು ‘ಕುಡಿ’ ಎಂದೇ ಎಣಿಸಿದೆವು. ಅಜ್ಜಿ ಕುಡಿದಳೋ ಬಿಟ್ಟಳೋ, ಕಾಲಂಗೆ ಬೇಕಾಗಿಲ್ಲ. ಜೊತೆಯಲ್ಲಿ ಕಂಡರೆ ಸಾಕು, ಒಂದು ಗೀಟು. ಇದರ ಪರಿಣಾಮ ದೊಡ್ಡದು. ‘ಈ ವರ್ಷ ಈರುಳ್ಳಿ ಬಲು ದುಬಾರಿ’, ‘ಈ ವರ್ಷ ಈರುಳ್ಳಿ ಬಲು ಅಗ್ಗ’: ದುಬಾರಿ ಮತ್ತು ಅಗ್ಗ ಎರಡೂ ಬೆಲೆ, ಮಾರುಕಟ್ಟೆ, ಈರುಳ್ಳಿ, ಚಿನ್ನಗಳ ನಡುವೆಯೇ ಓಡಾಡುತ್ತವೆ. ಹೀಗಾಗಿ ಇಂಥ ಲೆಕ್ಕದಲ್ಲಿ ವಿರುದ್ಧಪದಗಳು ಸಮಾನಪದಗಳಷ್ಟೇ ಹತ್ತಿರ ನಿಲ್ಲುತ್ತವೆ. ಗ್ರಾಹಕರ ಅಭಿಪ್ರಾಯಗಳನ್ನು ಓದಿ ಮೆಚ್ಚುಗೆ ಯಾವುದು, ದೂರು ಯಾವುದು ಎಂದು ವಿಂಗಡಿಸಲು ಈ ಹೋಲಿಕೆಯೊಂದನ್ನೇ ನಂಬಿ ಹೊರಟವರು ಮುಗ್ಗರಿಸುವುದು ಇಲ್ಲೇ. ಯಂತ್ರ ಹೇಳುತ್ತಿರುವುದು ಒಂದೇ ಮಾತು: ಈ ಎರಡು ಪದಗಳ ನೆರೆಹೊರೆ ಒಂದೇ. ಅರ್ಥ ಒಂದೇ ಎಂದು ಅದು ಹೇಳಿಲ್ಲ.

ನೆರೆಹೊರೆ ಎಂದರೆ ಎಷ್ಟು ದೂರದವರೆಗೆ ಎಂಬುದೂ ನಮ್ಮ ಕೈಯಲ್ಲೇ ಇದೆ. ನಾವು ಇಡೀ ವಾಕ್ಯ ತೆಗೆದುಕೊಂಡೆವು. ಸಾಮಾನ್ಯವಾಗಿ ಪದದ ಎಡಕ್ಕೆ ಐದು, ಬಲಕ್ಕೆ ಐದು ಪದಗಳನ್ನು ನೋಡುತ್ತಾರೆ. ಇದಕ್ಕೆ ‘ಕಿಟಕಿ’ ಎನ್ನುತ್ತಾರೆ. ಕಿಟಕಿ ಚಿಕ್ಕದಾದರೆ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದಾದ ಪದಗಳು ಹತ್ತಿರ ಬರುತ್ತವೆ: ಕಾಫಿಗೆ ಚಹಾ, ಕಷಾಯ. ದೊಡ್ಡದಾದರೆ ಒಂದೇ ವಿಷಯದ ಪದಗಳು ಹತ್ತಿರ ಬರುತ್ತವೆ: ಕಾಫಿಗೆ ತೋಟ, ಚಿಕ್ಕಮಗಳೂರು, ಮೆಣಸು. ಲೆವಿ ಮತ್ತು ಗೋಲ್ಡ್‌ಬರ್ಗ್ ಇದನ್ನು ಹ್ಯಾರಿ ಪಾಟರ್ ಕಥೆಯ ‘ಹಾಗ್ವಾರ್ಟ್ಸ್’ ಶಾಲೆಯ ಹೆಸರಿನ ಮೇಲೆ ಪರೀಕ್ಷಿಸಿದ್ದರು. ಅಕ್ಕಪಕ್ಕದ ಐದೈದು ಪದಗಳನ್ನು ನೋಡಿದಾಗ ಹತ್ತಿರ ಬಂದವರು ಡಂಬಲ್‌ಡೋರ್, ಸ್ನೇಪ್, ಅಂದರೆ ಆ ಕಥೆಯ ಪಾತ್ರಗಳು. ವಾಕ್ಯದಲ್ಲಿ ಅದಕ್ಕೆ ವ್ಯಾಕರಣದ ಸಂಬಂಧವಿರುವ ಪದಗಳನ್ನು ಮಾತ್ರ ನೋಡಿದಾಗ ಹತ್ತಿರ ಬಂದದ್ದು ಸನ್ನಿಡೇಲ್‌ನಂಥ ಬೇರೆ ಕಥೆಗಳ ಊರು–ಶಾಲೆಗಳು. ಎರಡೂ ಪಟ್ಟಿ ಸರಿಯೇ. ಸಮಾನಪದ ಹುಡುಕುವವರಿಗೆ ಒಂದು ಬೇಕು, ಒಂದು ವಿಷಯದ ಲೇಖನಗಳನ್ನು ಗುಂಪು ಮಾಡುವವರಿಗೆ ಇನ್ನೊಂದು ಬೇಕು.

ಜನರನ್ನು ಕೇಳಿದಾಗಲೂ ಈ ಎರಡು ಬಗೆ ಗೊಂದಲವಾಗುತ್ತದೆ. ವೆಕ್ಟರ್‌ಗಳನ್ನು ಪರೀಕ್ಷಿಸಲು ಪದಜೋಡಿಗಳಿಗೆ ಜನ ಕೊಟ್ಟ ಅಂಕಗಳ ಪಟ್ಟಿಗಳಿವೆ. ‘ಬಟ್ಟೆ–ಬೀರು’ ಎಂಬರ್ಥದ ಇಂಗ್ಲಿಷ್ ಜೋಡಿಗೆ ಒಂದು ಹಳೆಯ ಪಟ್ಟಿಯಲ್ಲಿ ಹತ್ತಕ್ಕೆ ಎಂಟು ಸಿಕ್ಕಿದೆ. ನಂಟನ್ನು ಬಿಟ್ಟು ಹೋಲಿಕೆಯನ್ನು ಮಾತ್ರ ನೋಡಿ ಎಂದು ಸ್ಪಷ್ಟವಾಗಿ ಕೇಳಿದ ‘ಸಿಮ್‌ಲೆಕ್ಸ್-999’ ಪಟ್ಟಿಯಲ್ಲಿ ಅದೇ ಜೋಡಿಗೆ ಎರಡು ಅಂಕವೂ ಪೂರ್ತಿ ಸಿಕ್ಕಿಲ್ಲ.

ಇನ್ನೊಂದು ಮಿತಿ ನಮ್ಮ ಕೋಷ್ಟಕದಲ್ಲೇ ಅಡಗಿತ್ತು. ‘ಹತ್ತು’ ಎಂಬ ಕಾಲಂ ಎಳೆದಾಗ ನಾವು ಬಸ್ಸು ಹತ್ತುವುದನ್ನು ಮಾತ್ರ ಯೋಚಿಸಿದೆವು. ‘ಕಾಫಿಗೆ ಹತ್ತು ರೂಪಾಯಿ’ ಎಂಬ ಒಂಬತ್ತನೆಯ ವಾಕ್ಯ ಬಂದರೆ ಆ ಕಾಲಂನಲ್ಲಿ ಕಾಫಿಗೂ ಗೀಟು ಬೀಳುತ್ತದೆ, ಕಾಫಿ ಬಸ್ಸಿನ ಕಡೆಗೆ ವಾಲುತ್ತದೆ. ಒಂದು ಪದಕ್ಕೆ ಒಂದೇ ಬಾಣ ಎಂದಮೇಲೆ, ಎರಡು ಅರ್ಥದ ಪದದ ಬಾಣ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಹೆಚ್ಚು ಬಳಕೆಯಲ್ಲಿರುವ ಅರ್ಥದ ಕಡೆಗೇ ಹೆಚ್ಚು ವಾಲಿರುತ್ತದೆ. 2018ರಿಂದೀಚೆಗೆ ಬಂದ ಬರ್ಟ್ ಮೊದಲಾದ ಮಾದರಿಗಳು ವಾಕ್ಯವನ್ನು ನೋಡಿ, ಅದೇ ಪದಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ವೆಕ್ಟರ್ ಕೊಡುತ್ತವೆ.

ಇನ್ನು ಆರಂಭದಲ್ಲಿ ತೆಗೆದುಕೊಂಡ ರಿಯಾಯಿತಿ. ಇಂಗ್ಲಿಷಿನಲ್ಲಿ ಮನೆಯನ್ನು ಸೂಚಿಸುವ ಪದಕ್ಕೆ ಏಕವಚನ, ಬಹುವಚನ, ಅಬ್ಬಬ್ಬಾ ಎಂದರೆ ಇನ್ನೆರಡು ರೂಪ. ಕನ್ನಡದಲ್ಲಿ ಮನೆ, ಮನೆಯ, ಮನೆಗೆ, ಮನೆಯನ್ನು, ಮನೆಯಲ್ಲಿ, ಮನೆಯಿಂದ, ಮನೆಗಳಲ್ಲಿ, ಮನೆಯವರು, ಮನೆಯಲ್ಲಿಯೂ, ಮನೆಯಿಂದಲೇ... ಪಟ್ಟಿ ಮುಗಿಯುವುದಿಲ್ಲ. ಖಾಲಿ ಜಾಗ ನೋಡಿ ಪದ ಕತ್ತರಿಸುವ ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಪದಗಳು, ಪ್ರತಿಯೊಂದಕ್ಕೂ ಬೇರೆ ಸಾಲು. ‘ಮನೆ’ ಸಾವಿರ ಸಲ ಕಂಡರೂ ‘ಮನೆಯಿಂದಲೇ’ ಮೂರು ಸಲ ಕಂಡಿರಬಹುದು. ಐದಕ್ಕಿಂತ ಕಡಿಮೆ ಎಂದು ಅದು ಪಟ್ಟಿಯಿಂದಲೇ ಹೊರಬೀಳುತ್ತದೆ. ಅಂತರ್ಜಾಲದಲ್ಲಿ ಕನ್ನಡ ಬರಹ ಮೊದಲೇ ಕಡಿಮೆ. ಇದ್ದದ್ದೂ ಹೀಗೆ ಚೂರುಚೂರಾಗಿ ಹಂಚಿಹೋಗುತ್ತದೆ.

ಮಿಕೊಲೊವ್ ಫೇಸ್‌ಬುಕ್‌ಗೆ ಹೋದಮೇಲೆ ಅಲ್ಲಿನ ಸಂಗಡಿಗರೊಂದಿಗೆ ಮಾಡಿದ ‘ಫಾಸ್ಟ್‌ಟೆಕ್ಸ್ಟ್’ ಇದಕ್ಕೊಂದು ದಾರಿ ತೋರಿಸಿತು. ಪದಕ್ಕೆ ಮಾತ್ರವಲ್ಲ, ಪದದ ಒಳಗಿನ ಚಿಕ್ಕ ತುಣುಕುಗಳಿಗೂ ಅದು ವೆಕ್ಟರ್ ಕೊಡುತ್ತದೆ. ಪದದ ಆದಿ, ಅಂತ್ಯಕ್ಕೆ < ಮತ್ತು > ಗುರುತು ಹಾಕಿ, ಮೂರರಿಂದ ಆರು ಅಕ್ಷರಚಿಹ್ನೆಗಳ ತುಣುಕುಗಳನ್ನು ಮಾಡುತ್ತದೆ. ಕಂಪ್ಯೂಟರಿಗೆ ‘ನೆ’ ಒಂದು ಅಕ್ಷರವಲ್ಲ, ‘ನ’ ಮತ್ತು ಎತ್ವದ ಗುರುತು ಸೇರಿ ಎರಡು ಚಿಹ್ನೆ. ಆ ಲೆಕ್ಕದಲ್ಲಿ ‘ಮನೆಗೆ’ ಮತ್ತು ‘ಮನೆಯಲ್ಲಿ’ ಎಂಬ ಪದಗಳಿಗೆ ‘<ಮನ’, ‘ಮನೆ’, ‘<ಮನೆ’ ಎಂಬ ಮೂರು ತುಣುಕುಗಳು ಸಮಾನ. ಪದದ ವೆಕ್ಟರ್ ಎಂದರೆ ಅದರ ತುಣುಕುಗಳ ವೆಕ್ಟರ್‌ಗಳ ಮೊತ್ತ. ಆದ್ದರಿಂದ ಒಂದರಿಂದ ಕಲಿತದ್ದು ಇನ್ನೊಂದಕ್ಕೂ ಸಲ್ಲುತ್ತದೆ. ‘ಮನೆಯಲ್ಲಿ’, ‘ಶಾಲೆಯಲ್ಲಿ’ಗಳ ಕೊನೆಯ ತುಣುಕುಗಳು ಸಮಾನವಾಗಿರುವುದರಿಂದ ‘ಅಲ್ಲಿ’ ಪ್ರತ್ಯಯದ ಗುಣವೂ ಒಂದಷ್ಟು ಹಿಡಿತಕ್ಕೆ ಸಿಗುತ್ತದೆ. ಎಂದೂ ಕಾಣದ ‘ಮನೆಯಿಂದಲೇ’ಗೂ ತುಣುಕುಗಳನ್ನು ಕೂಡಿಸಿ ಒಂದು ವೆಕ್ಟರ್ ಕಟ್ಟಿಕೊಡಬಹುದು. ಈ ವಿಧಾನದಲ್ಲಿ 157 ಭಾಷೆಗಳಿಗೆ ತಯಾರಿಸಿ 2018ರಲ್ಲಿ ಉಚಿತವಾಗಿ ಕೊಟ್ಟ ವೆಕ್ಟರ್‌ಗಳಲ್ಲಿ ಕನ್ನಡದ್ದೂ ಇದೆ. `cc.kn.300.vec` ಎಂಬ ಕಡತವನ್ನು ಯಾರು ಬೇಕಾದರೂ ಇಳಿಸಿಕೊಂಡು ಯಾವ ಪದಕ್ಕೆ ಯಾವುದು ಹತ್ತಿರ ಎಂದು ನೋಡಬಹುದು.

ಹಾಗೆ ನೋಡಲು ಕೂತವರು ಎರಡು ಸಂಗತಿಗಳ ಮೇಲೆ ಕಣ್ಣಿಡಬೇಕು. ಒಂದು ನಾಮಪದ ಕೊಟ್ಟು ಹತ್ತಿರದ ಹತ್ತು ಪದ ಕೇಳಿದಾಗ ಬರುವ ಪಟ್ಟಿಯ ತುಂಬ ಅದೇ ಪದದ ವಿಭಕ್ತಿ ರೂಪಗಳು ತುಂಬಿಕೊಂಡಿದ್ದರೆ, ತುಣುಕುಗಳ ಸಾಮ್ಯ ನೆರೆಹೊರೆಯ ಸಾಮ್ಯವನ್ನು ಮುಚ್ಚಿದೆ ಎಂದರ್ಥ. ಆಗ ರೂಪಗಳನ್ನು ಒಂದಾಗಿಸಿ, ಹತ್ತರ ಬದಲು ಐವತ್ತು ಕೇಳಿ, ಬೇರೆ ಪದಗಳು ಶುರುವಾಗುವ ಕಡೆಯಿಂದ ನೋಡಬೇಕು. ಎರಡನೆಯದು ಅಪರೂಪದ ಪದಗಳದು. ಮೂರರಿಂದ ಆರು ಚಿಹ್ನೆಗಳ ಲೆಕ್ಕದಲ್ಲಿ ‘ಮರದ’, ‘ಮರಳು’, ‘ಮರಣ’ ಮೂರಕ್ಕೂ ‘<ಮರ’ ಎಂಬ ತುಣುಕು ಇದೆ, ಅರ್ಥದ ನಂಟು ಕಿಂಚಿತ್ತೂ ಇಲ್ಲ. ಹೆಚ್ಚು ಬಳಕೆಯ ಪದವಾದರೆ ಅದರ ನೆರೆಹೊರೆ ಈ ತಪ್ಪನ್ನು ತಿದ್ದುತ್ತದೆ. ಸಂಗ್ರಹದಲ್ಲಿ ನಾಲ್ಕಾರು ಸಲ ಮಾತ್ರ ಬಂದ ಪದಕ್ಕೆ ತಿದ್ದಲು ಯಾರೂ ಇರುವುದಿಲ್ಲ. ಕಾಗುಣಿತದ ನಂಟೇ ಅರ್ಥದ ನಂಟಿನಂತೆ ಕಾಣಿಸುತ್ತದೆ. ಆದ್ದರಿಂದ ಹೋಲಿಕೆಯ ಅಂಕಿಯ ಪಕ್ಕದಲ್ಲೇ ಆ ಪದ ಒಟ್ಟು ಎಷ್ಟು ಸಲ ಬಂದಿತ್ತು ಎಂಬ ಎಣಿಕೆಯನ್ನೂ ಇಟ್ಟುಕೊಂಡು ಓದಬೇಕು.